“ಇಂದ ಬಂದ್ರೆ ಸಿನ್ಸ್” ಅಂತ ಹೇಳ್ಕೊಡೋ ಕ್ಲಾಸಿಗೆ ದುಡ್ಡು ಕಟ್ಟಬ್ಯಾಡ್ರಿ

ದಾವಣಗೆರೆಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಹುಡುಕ್ತಿರೋರು ಇದನ್ನ ಓದಿ ಆಮೇಲೆ ದುಡ್ಡು ಕಟ್ರಿ. ಹೆಸರು ಹೇಳಲ್ಲ, ನಂಗೆ ಜಗಳ ಬ್ಯಾಡ. ನಾನು ಬಟ್ಟೆ ಅಂಗಡಿಲಿ ಲೆಕ್ಕ ಬರೆಯೋನು, 45 ದಿನದ ಕೋರ್ಸಿಗೆ 4,000 ಕಟ್ಟಿದ್ದೆ, ಸಂಜೆ ಅಂಗಡಿ ಬಿಟ್ಟು ಓಡ್ತಿದ್ದೆ.

ಅಲ್ಲಿ ಸರ್ ಒಂದು ಫಾರ್ಮುಲಾ ಕೊಟ್ಟಿದ್ರು. ಕನ್ನಡದಲ್ಲಿ ‘ಇಂದ’ ಬಂದ್ರೆ ಇಂಗ್ಲಿಷಲ್ಲಿ ‘ಸಿನ್ಸ್’, ಮುಗೀತು. ಕೇಳೋಕೆ ಎಷ್ಟು ಸುಲಭ ಅಲ್ವಾ, ನಾನೂ ನೋಟ್‌ಬುಕ್ಕಲ್ಲಿ ಕೆಂಪು ಪೆನ್ನಲ್ಲಿ ಬರ್ಕೊಂಡಿದ್ದೆ. 2024ರ ಮಾರ್ಚಲ್ಲಿ ಒಂದು ಕಂಪನಿ ಕೆಲಸಕ್ಕೆ ಟೆಸ್ಟ್ ಬರೆಯೋಕೆ ಹೋದಾಗ ಅದೇ ಫಾರ್ಮುಲಾ ನನ್ನ ಮುಳುಗಿಸ್ತು. ಪ್ರಶ್ನೆ ಏನೂ ದೊಡ್ಡದಲ್ಲ, ಖಾಲಿ ಜಾಗ ತುಂಬೋದು. ಮೀನಾ 2019ರ ಜೂನಲ್ಲಿ ದಾವಣಗೆರೆಗೆ ಬಂದಳು, ಈಗ 2024ರ ಮಾರ್ಚ್, “ಶಿ ಹ್ಯಾಸ್ ಲಿವ್ಡ್ ಹಿಯರ್ ____”, ಎಷ್ಟು ಕಾಲ ಆಯ್ತು ಅಂತ ಬರೀರಿ. ನಾನು “ಸಿನ್ಸ್ ಸಿಕ್ಸ್ ಇಯರ್ಸ್” ಅಂತ ಬರೆದು ಬಂದೆ. ಮೂರು ಪದದಲ್ಲಿ ಎರಡು ತಪ್ಪು.

ಮೊದಲನೇ ತಪ್ಪು ಆ ಫಾರ್ಮುಲಾದ್ದು. ನಮ್ಮಲ್ಲಿ “2019ರಿಂದ ಇದ್ದಾಳೆ” ಅಂದ್ರೂ ‘ಇಂದ’, “ಐದು ವರ್ಷದಿಂದ ಇದ್ದಾಳೆ” ಅಂದ್ರೂ ‘ಇಂದ’, ಕನ್ನಡ ಎರಡಕ್ಕೂ ಒಂದೇ ಪ್ರತ್ಯಯ ಹಾಕುತ್ತೆ. ಇಂಗ್ಲಿಷು ಅಲ್ಲೇ ಎರಡು ದಾರಿ ಮಾಡುತ್ತೆ, ಶುರುವಾದ ಜಾಗಕ್ಕೆ ಸಿನ್ಸ್, ಕಳೆದ ಉದ್ದಕ್ಕೆ ಫಾರ್. ಆಮೇಲೆ ನಮ್ಮ ಅಕ್ಕನ ಮಗಳು, ಹೈಸ್ಕೂಲು ಹುಡುಗಿ, ಒಂದೇ ಮಾತಲ್ಲಿ ಬಿಡಿಸಿಟ್ಟಳು: “ಮಾವ, ‘ಇಂದ’ ನೋಡಬ್ಯಾಡ, ಪ್ರಶ್ನೆ ಕೇಳಿ ನೋಡು. ‘ಯಾವಾಗಿಂದ’ಕ್ಕೆ ಉತ್ತರ ಆದ್ರೆ ಸಿನ್ಸ್, ‘ಎಷ್ಟು ದಿನದಿಂದ’ಕ್ಕೆ ಉತ್ತರ ಆದ್ರೆ ಫಾರ್.” ಹೋದ ವಾರದಿಂದ ಜ್ವರ ಅಂದ್ರೆ ಯಾವಾಗಿಂದ ಅಂತ ಗೊತ್ತಾಗುತ್ತೆ, ಸಿನ್ಸ್ ಲಾಸ್ಟ್ ವೀಕ್. ಒಂದು ವಾರದಿಂದ ಜ್ವರ ಅಂದ್ರೆ ಎಷ್ಟು ದಿನ ಅಂತ ಗೊತ್ತಾಗುತ್ತೆ, ಫಾರ್ ಎ ವೀಕ್. 4,000 ಕೊಟ್ಟೋನಿಗೆ ಇದು ಪುಕ್ಕಟೆ ಸಿಕ್ತು ನೋಡ್ರಿ.

ಎರಡನೇ ತಪ್ಪು ನಂದೇ, ಅದೂ ದಿನಾ ಲೆಕ್ಕ ಬರೆಯೋನಾಗಿ. ಬೆರಳು ಮಡಚ್ಕೊಂಡು 2019, 20, 21, 22, 23, 24 ಅಂತ ಎಣಿಸಿದೆ, ಆರು ಬೆರಳು ಬಂತು, ಆರು ವರ್ಷ ಅಂದ್ಕೊಂಡೆ. ಆದ್ರೆ ಎಣಿಸಬೇಕಾಗಿದ್ದು ವರ್ಷದ ಹೆಸರನ್ನಲ್ಲ, ಒಂದು ಜೂನಿಂದ ಇನ್ನೊಂದು ಜೂನಿಗೆ ಹಾಕೋ ಹೆಜ್ಜೆನ. 2019ರ ಜೂನಿಂದ 2023ರ ಜೂನಿಗೆ ನಾಲ್ಕು ಹೆಜ್ಜೆ, ಅಲ್ಲಿಂದ ಮಾರ್ಚಿಗೆ ಒಂಬತ್ತು ತಿಂಗಳು. ಅಂದ್ರೆ ಫಾರ್ ಫೋರ್ ಇಯರ್ಸ್ ಅಂಡ್ ನೈನ್ ಮಂತ್ಸ್. 24ರಲ್ಲಿ 19 ಕಳೆದು ಐದು ಅಂತ ಬರೆದಿದ್ರೂ ಪೂರ್ತಿ ಸರಿ ಆಗ್ತಿರಲಿಲ್ಲ, ಆ ವರ್ಷದ ಜೂನ್ ಇನ್ನೂ ಬಂದೇ ಇರಲಿಲ್ಲವಲ್ಲ. ಪ್ರಶ್ನೆಲಿ ತಿಂಗಳು ಕೊಡದೆ ಬರೀ ವರ್ಷ ಕೊಟ್ಟಿದ್ರೆ ಮಾತ್ರ ಕಳೆದು ಬರೆದ್ರೆ ಸಾಕು.

ಇನ್ನೊಂದು ಪ್ರಶ್ನೆಲಿ ಇನ್ನೂ ಕೆಟ್ಟದಾಗಿ ಬಿದ್ದೆ. ಚಿಕ್ಕಪ್ಪ 1985ರಲ್ಲಿ ಹತ್ತಿ ಮಿಲ್ಲಿಗೆ ಸೇರಿದ, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ “ಹಿ ಹ್ಯಾಡ್ ವರ್ಕ್ಡ್ ದೇರ್ ಫಾರ್ ____ ಇಯರ್ಸ್”. ನಾನು ಇವತ್ತಿನವರೆಗೂ ಎಣಿಸಿ 39 ಅಂತ ಹಾಕಿದೆ, ಪಾಪ ಚಿಕ್ಕಪ್ಪ ರಿಟೈರೇ ಆಗಲಿಲ್ಲ! ‘ಹ್ಯಾಸ್’ ಇದ್ರೆ ಎಣಿಕೆ ಇವತ್ತಿಗೆ ನಿಲ್ಲುತ್ತೆ, ‘ಹ್ಯಾಡ್’ ಇದ್ರೆ ವಾಕ್ಯದೊಳಗೇ ಇನ್ನೊಂದು ಗೂಟ ಹುಗಿದಿರ್ತಾರೆ, ಅಲ್ಲಿಗೆ ನಿಲ್ಲಬೇಕು. ಇಲ್ಲಿ ಗೂಟ 1997, ಉತ್ತರ 12. ಸಿನ್ಸ್ ಹಾಕಿ ಬರೆಯೋದಾದ್ರೆ ‘ಸಿನ್ಸ್ 1985’, ಕಳೆಯೋ ಗೋಜೇ ಇಲ್ಲ.

ಕೆಲಸ ಸಿಗಲಿಲ್ಲ ಅನ್ನೋದು ಬ್ಯಾರೆ ಹೇಳಬೇಕಾ. ಮನೆಗೆ ಬಂದು ಕ್ಲಾಸಲ್ಲಿ ಕೊಟ್ಟ ಜೆರಾಕ್ಸ್ ಬುಕ್ ತೆಗೆದು ನೋಡಿದೆ. ಅದರ ಹಿಂದಿನ ಉತ್ತರದಲ್ಲಿ, 2004ರಲ್ಲಿ ಮದುವೆ ಆದೋರು ಇವತ್ತಿಗೆ “ಫಾರ್ ಟ್ವೆಲ್ವ್ ಇಯರ್ಸ್” ಅಂತೆ. ಅಂದ್ರೆ ಅದು 2016ರಲ್ಲಿ ಬರೆದಿದ್ದು, ನಾವು 2024ರಲ್ಲಿ ಅದನ್ನೇ ಸರಿ ಅಂತ ಟಿಕ್ ಹಾಕ್ಕೊತಿದ್ವಿ. ಸಿನ್ಸ್ ಉತ್ತರ ಹಳೇದಾಗಲ್ಲ, ‘ಸಿನ್ಸ್ 2004’ ಯಾವತ್ತಿದ್ರೂ ಅದೇ, ಹ್ಯಾಸ್-ಹ್ಯಾವ್ ಜೊತೆ ಬರೋ ಫಾರ್ ಉತ್ತರ ಮಾತ್ರ ವರ್ಷ ವರ್ಷ ಹಳಸುತ್ತೆ. ಕ್ಲಾಸಿಗೆ ಸೇರೋ ಮುಂಚೆ ಅವರ ಬುಕ್ಕಲ್ಲಿ ಇಂಥ ಒಂದು ಫಾರ್ ಉತ್ತರ ಹುಡುಕಿ ಕೂಡಿ ನೋಡ್ರಿ, ಅದು ಯಾವ ಕಾಲದ್ದು ಅಂತ ಅಲ್ಲೇ ಸಿಕ್ಕಿಬೀಳುತ್ತೆ.

ಇದನ್ನ ಸರ್‌ಗೆ ತೋರಿಸಿದ್ರೆ, “ಪ್ರಿಂಟ್ ಆಗಿದ್ದು ತಪ್ಪಿರುತ್ತೇನ್ರಿ, ನೀವು ಹೇಳ್ಕೊಟ್ಟಿದ್ದು ಕಲೀರಿ” ಅಂದ್ರು. ದುಡ್ಡು ವಾಪಸ್ ಕೇಳಿ ಮೂರು ವಾರದಿಂದ ಓಡಾಡ್ತಿದ್ದೀನಿ. ಇದಕ್ಕೂ ಫಾರ್, ಎಷ್ಟು ದಿನ ಅಂತ ಕೇಳ್ಕೊಂಡು ಹಾಕ್ದೆ.