"ದುಡ್ಡು ಕೊಟ್ಟಿಲ್ಲ, ಬರೀ ಸೀರಮ್ ಕಳಿಸಿದ್ದು, ಲೇಬಲ್ ಯಾಕೆ?" ಅನ್ನೋ ಏಜೆನ್ಸಿ ಬಂದ್ರೆ ಹುಷಾರು

ಸಣ್ಣ ಪೇಜ್ ಇಟ್ಕೊಂಡು ರೀಲ್ಸ್ ಮಾಡೋರು, ಅದರಲ್ಲೂ ಸ್ಕಿನ್‌ಕೇರ್ ಬಗ್ಗೆ ಮಾತಾಡೋರು, ಇದನ್ನ ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದ್ದೀನಿ. ನನ್ನದೇ ಮುಖ, ನನ್ನದೇ ದನಿ ಇಟ್ಕೊಂಡು ನಾನು ಹೇಳದೇ ಇದ್ದ ಮಾತನ್ನ ನನ್ನ ಫಾಲೋವರ್ಸ್‌ಗೇ ಮಾರಿದ್ದಾರೆ.

ಮುಖದ ಕಲೆಗೆ ಹಚ್ಚೋ ಒಂದು ಸೀರಮ್. ಏಜೆನ್ಸಿಯವರು ಬಾಟಲಿ ಕಳಿಸಿದ್ರು, ನನ್ನ ಲಿಂಕ್‌ನಿಂದ ಯಾರಾದ್ರೂ ತಗೊಂಡ್ರೆ ಕಮಿಷನ್ ಅಂದ್ರು. ಜೊತೆಗೇ ರೆಡಿಮೇಡ್ ಕ್ಯಾಪ್ಶನ್ ಬಂತು: "7 ದಿನದಲ್ಲಿ ಕಲೆ ಮಾಯ! ಡರ್ಮಟಾಲಜಿಕಲಿ ಟೆಸ್ಟೆಡ್. ಯಾರೂ ಹೇಳಿಸ್ತಿಲ್ಲ, ಇದು ನನ್ನ ಸ್ವಂತ ಅನುಭವ." ಬಾಟಲಿ ಇನ್ನೂ ಕೈಗೇ ಬಂದಿರಲಿಲ್ಲ, ಅನುಭವ ಮಾತ್ರ ಬಂದುಬಿಟ್ಟಿತ್ತು!

ಈ 7 ದಿನಕ್ಕೆ ಏನು ಆಧಾರ ಅಂತ ಕೇಳಿದೆ. ಚರ್ಮದ ಮೇಲ್ಪದರ ಹೊಸದಾಗೋಕೇ ಸುಮಾರು ಒಂದು ತಿಂಗಳು ಬೇಕು, ಮೊಡವೆ ಬಿಟ್ಟುಹೋದ ಕಲೆ ತಿಳಿಯಾಗೋಕೆ ವಾರಗಳು, ಎಷ್ಟೋ ಸಲ ತಿಂಗಳುಗಳೇ ಹಿಡಿಯುತ್ತೆ. ಅವರು ಒಂದು ಪಿಡಿಎಫ್ ಕಳಿಸಿದ್ರು. ಅದರಲ್ಲಿ ಇದ್ದದ್ದು ಬಳಸಿದವರಿಗೆ ಕೇಳಿದ ಪ್ರಶ್ನೆಗಳು: ಕಾಂತಿ ಬಂದ ಹಾಗೆ ಅನ್ನಿಸ್ತಾ, ಮೆದುವಾಯ್ತು ಅನ್ನಿಸ್ತಾ. ಕಲೆಯನ್ನ ಅಳೆದಿದ್ದೇ ಇಲ್ಲ. ಸೀರಮ್ ಹಚ್ಚದವರ ಜೊತೆ ಹೋಲಿಸಿಯೂ ಇಲ್ಲ. ಇನ್ನು ಆ "ಡರ್ಮಟಾಲಜಿಕಲಿ ಟೆಸ್ಟೆಡ್" ಅನ್ನೋದು. ಸಾಮಾನ್ಯವಾಗಿ ಅದರಿಂದ ತಿಳಿಯೋದು ಇಷ್ಟೇ, ಚರ್ಮಕ್ಕೆ ಹಚ್ಚಿ ಉರಿ, ತುರಿಕೆ ಬರುತ್ತಾ ಅಂತ ನೋಡಿದ್ದಾರೆ. ಕಲೆ ಹೋಗುತ್ತೆ ಅನ್ನೋಕೂ ಅದಕ್ಕೂ ಸಂಬಂಧ ಇಲ್ಲ. ಕ್ಯಾಪ್ಶನ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ರೆ ಓದೋರು ಸೇರಿಸ್ಕೊಂಡೇ ಓದ್ತಾರೆ. ಅದಕ್ಕೇ ಇಡೋದು.

ನಾನು ಬೇರೆ ಬರೆದೆ. ಮೊದಲ ಪದವೇ "ಜಾಹೀರಾತು". ಆಮೇಲೆ "ಸೀರಮ್ ಉಚಿತವಾಗಿ ಬಂದಿದೆ, ಲಿಂಕ್‌ನಿಂದ ತಗೊಂಡ್ರೆ ನನಗೆ ಕಮಿಷನ್ ಸಿಗುತ್ತೆ. ಹಚ್ಚಿದ ಮೇಲೆ ಚರ್ಮ ಮೆದುವಾಗಿ ಅನ್ನಿಸ್ತು, ಕಲೆಯಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ." ವಿಡಿಯೋದಲ್ಲೂ ಹೇಳಿದೆ: "ಏಳು ದಿನದಲ್ಲಿ ಕಲೆ ಹೋಗುತ್ತೆ ಅಂತ ನಾನು ಹೇಳಲ್ಲ." ಈ ವಾಕ್ಯ ನೆನಪಿಟ್ಕೊಳ್ಳಿ. ಅವರು "ಓಕೆ ಮೇಡಂ, ಅಪ್ರೂವ್ಡ್" ಅಂದ್ರು. ಪೇಯ್ಡ್ ಪಾರ್ಟ್‌ನರ್‌ಶಿಪ್ ಲೇಬಲ್ ಆನ್ ಮಾಡಿ ಪೋಸ್ಟ್ ಹಾಕಿದೆ.

ಮಾರನೇ ದಿನವೇ ಫೋನ್. "ಮೇಡಂ, ಲೇಬಲ್ ತೆಗೀರಿ, ರೀಚ್ ಬೀಳುತ್ತೆ. ನಾವು ದುಡ್ಡು ಕೊಟ್ಟಿಲ್ವಲ್ಲ, ಪೇಯ್ಡ್ ಹೇಗಾಗುತ್ತೆ?" ಕಮಿಷನ್ ದುಡ್ಡಲ್ವಾ ಅಂತ ಕೇಳಿದೆ. "ಅದು ಸೇಲ್ ಆದ್ರೆ ತಾನೇ!" ಸರಿ, ಬೇಕಾದ್ರೆ ಕೊನೇಲಿ ಒಂದು #collab ಹಾಕಿ ಅಂದ್ರು. ಕೊನೇಲಿ ಅಂದ್ರೆ ಎಲ್ಲಿ? ಹದಿನೈದಿಪ್ಪತ್ತು ಹ್ಯಾಶ್‌ಟ್ಯಾಗ್ ಸಾಲಿನ ತುದಿಯಲ್ಲಿ. ಫೀಡ್‌ನಲ್ಲಿ ಕ್ಯಾಪ್ಶನ್‌ದು ಮೊದಲ ಒಂದೆರಡು ಸಾಲು ಕಾಣುತ್ತೆ, ಉಳಿದದ್ದು more ಒತ್ತಿದ್ರೆ ಮಾತ್ರ. ಒತ್ತೋರು ಎಷ್ಟು ಜನ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಜಾಹೀರಾತುಗಳ ಮೇಲೆ ಕಣ್ಣಿಡೋ ಭಾರತದ ಸಂಸ್ಥೆ ಎಎಸ್‌ಸಿಐ 2021ರಲ್ಲಿ ತಂದ ಮಾರ್ಗಸೂಚಿಯಾಗಲಿ, ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಆಗಲಿ ಹೇಳೋದು ಒಂದೇ: ಉಚಿತವಾಗಿ ಬಂದ ವಸ್ತುವೂ ಲೆಕ್ಕಕ್ಕೆ ಬರುತ್ತೆ, ಇದು ಜಾಹೀರಾತು ಅನ್ನೋದನ್ನ ಹ್ಯಾಶ್‌ಟ್ಯಾಗ್ ಗುಂಪಿನಲ್ಲಿ ಹುದುಗಿಸಬಾರದು. ಇದನ್ನೇ ಬರೆದು ಕಳಿಸಿದೆ. "ಎಲ್ರೂ ಹೀಗೇ ಮಾಡೋದು ಮೇಡಂ" ಅಂತ ಉತ್ತರ, ಕೈಮುಗಿಯೋ ಇಮೋಜಿ ಸಮೇತ.

ತೆಗೆಯಲಿಲ್ಲ. ಮುಗೀತು ಅಂದ್ಕೊಂಡೆ.

ಆಮೇಲೆ ಒಬ್ಬ ಫಾಲೋವರ್ ಸ್ಕ್ರೀನ್‌ಶಾಟ್ ಕಳಿಸಿದ್ರು. "ಅಕ್ಕ, ನಿಮ್ಮ ಪೋಸ್ಟ್‌ನಲ್ಲಿ ಒಂದು ಹೇಳ್ತೀರ, ಆ್ಯಡ್‌ನಲ್ಲಿ ಇನ್ನೊಂದು ಹೇಳ್ತೀರ. ಯಾವುದು ನಿಜ?" ನೋಡ್ತೀನಿ, ಮೇಲೆ ನನ್ನ ಹ್ಯಾಂಡಲ್, ಬ್ರ್ಯಾಂಡ್ ಹೆಸರಿನ ಪಕ್ಕದಲ್ಲೇ. ಕೆಳಗೆ ಅವರ ಹಳೇ ಕ್ಯಾಪ್ಶನ್, "ಯಾರೂ ಹೇಳಿಸ್ತಿಲ್ಲ" ಅನ್ನೋದೂ ಸೇರಿ. ಪ್ಲೇ ಮಾಡಿದೆ. ನನ್ನ ದನಿ: "ಏಳು ದಿನದಲ್ಲಿ ಕಲೆ ಹೋಗುತ್ತೆ." ಕಟ್. ಬಾಟಲಿಯ ಕ್ಲೋಸಪ್. "ಅಂತ ನಾನು ಹೇಳಲ್ಲ" ಅನ್ನೋದನ್ನ ಕತ್ತರಿಸಿ ಎಸೆದಿದ್ದಾರೆ! ಎಷ್ಟು ಸಲ ಪ್ಲೇ ಮಾಡಿದ್ನೋ ಗೊತ್ತಿಲ್ಲ. ಕೈ ನಡುಗ್ತಿತ್ತು. ಕೆಳಗೆ ಕಾಮೆಂಟ್‌ನಲ್ಲಿ ಒಬ್ಬರು "ನಿಮ್ಮನ್ನ ನಂಬಿ ಮಗಳಿಗೆ ತರಿಸಿದೆ" ಅಂತ ಬರೆದಿದ್ರು. ಅವರಿಗೆ ನಾನು ಏನಂತ ಹೇಳಲಿ?

ಇದು ಹೇಗೆ ಸಾಧ್ಯ ಆಯ್ತು ಅಂದ್ರೆ, ಶುರುವಿನಲ್ಲೇ "ಟ್ಯಾಗ್ ಮಾಡೋಕೆ ಒಂದು ರಿಕ್ವೆಸ್ಟ್ ಬರುತ್ತೆ, ಅಪ್ರೂವ್ ಮಾಡಿ" ಅಂದಿದ್ರು. ಬಂದಿದ್ದು ಟ್ಯಾಗ್‌ಗಲ್ಲ, ಪಾರ್ಟ್‌ನರ್‌ಶಿಪ್ ಆ್ಯಡ್ ಪರ್ಮಿಷನ್, ಅದೂ ಇಡೀ ಅಕೌಂಟ್‌ಗೆ. ಒಂದೇ ಪೋಸ್ಟ್‌ಗೆ ಕೊಟ್ರೆ ಆ ಪೋಸ್ಟನ್ನ ಮಾತ್ರ ಬೂಸ್ಟ್ ಮಾಡಬಹುದು. ಅಕೌಂಟ್‌ಗೆ ಕೊಟ್ರೆ ನಮ್ಮ ಹ್ಯಾಂಡಲ್ ಹಾಕಿ ಅವರೇ ಹೊಸ ಆ್ಯಡ್ ಮಾಡಬಹುದು, ಕ್ಯಾಪ್ಶನ್ ಅವರದ್ದು. ಆ ವ್ಯತ್ಯಾಸ ಗೊತ್ತಿದ್ದೇ ಟ್ಯಾಗ್ ಅಂತ ಸುಳ್ಳು ಹೇಳಿದ್ದು.

ಫೋನ್ ಮಾಡಿದೆ. "ದನಿ ನಿಮ್ಮದೇ ಅಲ್ವಾ ಮೇಡಂ?" ಅಂದ್ರು. ಅರ್ಧ ವಾಕ್ಯ ಹಾಕಿದ್ದೀರಲ್ಲ ಅಂದ್ರೆ "ಎಡಿಟ್ ಮಾಡೋ ಹಕ್ಕು ಅಗ್ರಿಮೆಂಟ್‌ನಲ್ಲಿದೆ" ಅಂದ್ರು. ಅಗ್ರಿಮೆಂಟ್‌ನಲ್ಲಿ ಇದ್ದದ್ದು ಸೈಜ್, ಅಳತೆಗೆ ತಕ್ಕ ಎಡಿಟ್. ಅರ್ಥ ತಿರುಗಿಸೋ ಎಡಿಟ್ ಅಲ್ಲ. ಕೊನೆಗೆ "ಆ್ಯಡ್ ಮೇಲೆ Sponsored ಅಂತ ಇದೆಯಲ್ಲ, ಡಿಸ್‌ಕ್ಲೋಷರ್ ಆಯ್ತಲ್ಲ?" ಅಂದ್ರು. ಮೇಲೆ Sponsored, ಕೆಳಗೆ "ಯಾರೂ ಹೇಳಿಸ್ತಿಲ್ಲ". ಎರಡೂ ಒಂದೇ ಪರದೆ ಮೇಲೆ! ಬ್ರ್ಯಾಂಡ್‌ಗೆ ಮೇಲ್ ಹಾಕಿದ್ರೆ "ಕ್ರಿಯೇಟರ್ ಹೇಳಿಕೆಗಳಿಗೆ ನಾವು ಜವಾಬ್ದಾರರಲ್ಲ" ಅಂತ ಬಂತು. ಕ್ರಿಯೇಟರ್ ಹೇಳಿಕೆಯಂತೆ!

ಸೆಟ್ಟಿಂಗ್ಸ್‌ಗೆ ಹೋಗಿ ಪರ್ಮಿಷನ್ ಕಿತ್ತುಹಾಕಿದೆ. ನನ್ನ ಹ್ಯಾಂಡಲ್ ಇರೋ ಆ್ಯಡ್ ನಿಂತಿತು. ಆದ್ರೆ ಅದೇ ತುಣುಕು ಅವರ ಸ್ವಂತ ಪೇಜ್‌ನಿಂದ ಓಡ್ತಾನೇ ಇತ್ತು. ಇದು ಗೊತ್ತಾಗಿದ್ದು ಮೆಟಾ ಆ್ಯಡ್ ಲೈಬ್ರರಿಯಿಂದ. ಬ್ರ್ಯಾಂಡ್ ಹೆಸರು ಹಾಕಿ ಹುಡುಕಿದ್ರೆ ಈಗ ಓಡ್ತಿರೋ ಆ್ಯಡ್‌ಗಳೆಲ್ಲ ಕಾಣುತ್ತೆ, ಯಾರು ಬೇಕಾದ್ರೂ ನೋಡಬಹುದು. ಸ್ಕ್ರೀನ್ ರೆಕಾರ್ಡ್ ಮಾಡಿಟ್ಕೊಂಡಿದ್ದೀನಿ, ಪೂರ್ತಿ ವಿಡಿಯೋ ಪಕ್ಕದಲ್ಲಿಟ್ಟು ದೂರು ಕೊಟ್ಟಿದ್ದೀನಿ.

ನೀವು ಕೊಲಾಬ್ ಒಪ್ಪೋ ಮೊದಲು ಆ ಲೈಬ್ರರಿಯಲ್ಲಿ ಬ್ರ್ಯಾಂಡ್ ಹುಡುಕಿ, ಬೇರೆ ಕ್ರಿಯೇಟರ್‌ಗಳ ಬಾಯಲ್ಲಿ ಏನು ಹೇಳಿಸಿದ್ದಾರೆ ನೋಡಿ. ಪರ್ಮಿಷನ್ ಒಂದು ಪೋಸ್ಟ್‌ಗೆ ಮಾತ್ರ ಕೊಡಿ. ಕಟ್ ಮಾಡಿದ ವಿಡಿಯೋ, ಆ್ಯಡ್ ಕ್ಯಾಪ್ಶನ್ ಎರಡೂ ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಹೋಗಬಾರದು ಅಂತ ಬರೆಸಿಕೊಳ್ಳಿ. ಇಲ್ಲ ಅನ್ನೋ ಮಾತನ್ನ ವಾಕ್ಯದ ಕೊನೆಗೆ ಬಿಡಬೇಡಿ, "ನನಗೆ ವ್ಯತ್ಯಾಸ ಕಂಡಿಲ್ಲ" ಅಂತಲೇ ಶುರು ಮಾಡಿ, ಕತ್ತರಿಸೋಕೆ ಏನೂ ಉಳಿಯಲ್ಲ.

ಹೆಸರು ಹಾಕಿದ್ರೆ ನೋಟಿಸ್ ಕಳಿಸ್ತೀವಿ ಅಂದಿದ್ದಾರೆ, ಅದಕ್ಕೆ ಹಾಕಿಲ್ಲ. ಆದ್ರೆ ಬಾಟಲಿಗಿಂತ ಮೊದಲು ಕ್ಯಾಪ್ಶನ್ ಬಂದು, ಅದರಲ್ಲಿ "ಯಾರೂ ಹೇಳಿಸ್ತಿಲ್ಲ" ಅಂತ ಇದ್ರೆ, ಅವರೇ.