‘ಕಣ್ಣಿನ ಪ್ರೆಶರ್ 14, ಗ್ಲುಕೋಮಾ ಇಲ್ಲ’ ಎಂದು ಬರೆದುಕೊಟ್ಟ ಚೀಟಿಯನ್ನು ನಂಬಬೇಡಿ

ಇದು ನನ್ನ ಕಥೆಯಲ್ಲ, ನಮ್ಮಲ್ಲಿಗೆ ಪರೀಕ್ಷೆಗೆ ಬಂದ ಒಬ್ಬ ಉಪನ್ಯಾಸಕರದ್ದು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಚೀಟಿ ಬರೆದುಕೊಟ್ಟ ಕನ್ನಡಕದ ಅಂಗಡಿಯ ಹೆಸರು ಹಾಕಬೇಡಿ ಅಂದರು, ಹಾಕುವುದಿಲ್ಲ. ಆದರೆ ಕಣ್ಣು ಪರೀಕ್ಷಿಸುವ ಕಸುಬಿನವನಾಗಿ ನನಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚು, ಏಕೆಂದರೆ ಆ ಚೀಟಿ ಬರೆದವರೂ ನಮ್ಮ ಕಸುಬಿನವರೇ.

ಅವರಿಗೆ 49 ವರ್ಷ. ಇಪ್ಪತ್ತಾರರಲ್ಲಿ ಮೈನಸ್ ಆರು ಪವರ್ ಇತ್ತು, ಲಾಸಿಕ್ ಮಾಡಿಸಿಕೊಂಡು ಕನ್ನಡಕ ತೆಗೆದಿದ್ದರು. ತಾಯಿಗೆ ಗ್ಲುಕೋಮಾ, ಕೊನೆಯ ದಿನಗಳಲ್ಲಿ ಏನೂ ಕಾಣುತ್ತಿರಲಿಲ್ಲ. ಆ ಭಯಕ್ಕೇ ಮನುಷ್ಯ ನಾಲ್ಕು ವರ್ಷ ತಪ್ಪದೆ, ಓದುವ ಕನ್ನಡಕ ಬದಲಿಸಲು ಹೋದಾಗಲೆಲ್ಲ ‘ಕಂಪ್ಲೀಟ್ ಐ ಚೆಕಪ್’ ಮಾಡಿಸಿದ್ದಾರೆ. ನಾಲ್ಕೂ ಚೀಟಿಗಳು ಫೈಲಿನಲ್ಲಿವೆ. ಎಡಗಣ್ಣು 14, 13, 14, 14. ಮೂರನೆಯದರಲ್ಲಿ ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು ‘ಗ್ಲುಕೋಮಾ ಇಲ್ಲ’ ಅಂತ ಬರೆದಿದ್ದಾರೆ.

ಪ್ರೆಶರ್ ಒಂದನ್ನೇ ನೋಡಿ ಆ ಮಾತು ಬರೆಯಲು ಯಾರಿಗೂ ಬರುವುದಿಲ್ಲ. ನನಗೂ ಬರುವುದಿಲ್ಲ, ದೊಡ್ಡ ಡಾಕ್ಟರಿಗೂ ಬರುವುದಿಲ್ಲ.

ಒಂದು ದಿನ ಬಲಗಣ್ಣಿಗೆ ಧೂಳು ಬಿದ್ದು ಅದನ್ನು ಮುಚ್ಚಿಕೊಂಡೇ ಪೇಪರ್ ಓದಿದರಂತೆ. ಎಡಗಣ್ಣಿನಲ್ಲಿ, ಓದುತ್ತಿರುವ ಸಾಲಿನ ಮೇಲಿನ ಸಾಲೇ ಇಲ್ಲ! ಕಪ್ಪು ಕಲೆಯೂ ಅಲ್ಲ, ಮಬ್ಬೂ ಅಲ್ಲ, ಅಲ್ಲಿ ಏನೂ ಇಲ್ಲದ ಹಾಗೆ. ಎರಡೂ ಕಣ್ಣು ತೆರೆದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಹಾಗಾಗಿ ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

ಈಗ ಆ 14 ಎಲ್ಲಿಂದ ಬಂತು ಅನ್ನುವುದನ್ನು ನೋಡಿ. ಅಂಗಡಿಗಳಲ್ಲಿ, ಕ್ಯಾಂಪುಗಳಲ್ಲಿ ಗಲ್ಲ ಇಡಿಸಿ ಕಣ್ಣಿಗೆ ‘ಫಟ್’ ಅಂತ ಗಾಳಿ ಊದುತ್ತಾರಲ್ಲ, ಆ ಯಂತ್ರ ಕಣ್ಣಿನೊಳಗಿನ ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿಯ ಹೊಡೆತಕ್ಕೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಒಂದು ಕ್ಷಣ ಚಪ್ಪಟೆಯಾಗುತ್ತದೆ. ಚಪ್ಪಟೆಯಾಗಲು ಎಷ್ಟು ಬಲ ಬೇಕಾಯಿತು ಎಂಬುದರಿಂದ ಒಳಗಿನ ಒತ್ತಡವನ್ನು ಯಂತ್ರ ಊಹಿಸುತ್ತದೆ. ಸೈಕಲ್ ಚಕ್ರದ ಗಾಳಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತೇವಲ್ಲ, ಹಾಗೆಯೇ. ಹೊಸ ದಪ್ಪ ಟಯರ್ ಇದ್ದರೆ ಗಾಳಿ ಕಡಿಮೆ ಇದ್ದರೂ ಗಟ್ಟಿ ಅನ್ನಿಸುತ್ತದೆ. ಸವೆದ ಟಯರ್ ಇದ್ದರೆ ಗಾಳಿ ಸಾಕಷ್ಟಿದ್ದರೂ ಮೆತ್ತಗೆ ಅನ್ನಿಸುತ್ತದೆ.

ಇವರ ಟಯರ್ ಸವೆದದ್ದು. ಲಾಸಿಕ್‌ನಲ್ಲಿ ಕಾರ್ನಿಯಾವನ್ನೇ ಲೇಸರ್‌ನಿಂದ ಕೆತ್ತಿ ತೆಳು ಮಾಡುತ್ತಾರೆ. ಪ್ರತಿ ಪವರಿಗೆ ಸುಮಾರು 12ರಿಂದ 15 ಮೈಕ್ರಾನ್ ಅಂತ ಇಟ್ಟುಕೊಂಡರೆ ಆರು ಪವರಿಗೆ 80 ಮೈಕ್ರಾನ್ ಆಸುಪಾಸು ಹೋಯಿತು. ನಮ್ಮಲ್ಲಿ ಕಾರ್ನಿಯಾದ ದಪ್ಪ ಅಳೆಯುವ ಪ್ಯಾಕಿಮೀಟರ್ ಇಟ್ಟು ನೋಡಿದಾಗ ಎಡಗಣ್ಣಿನ ಕಾರ್ನಿಯಾ 458 ಮೈಕ್ರಾನ್ ಇತ್ತು, ಬಲಗಣ್ಣಿನದು 462. ಒತ್ತಡ ಅಳೆಯುವ ಉಪಕರಣಗಳನ್ನು ಹೊಂದಿಸಿರುವುದು ಸುಮಾರು 520 ಮೈಕ್ರಾನ್ ದಪ್ಪದ ಲೆಕ್ಕಕ್ಕೆ. ಇಂಥ ಕಣ್ಣಿನಲ್ಲಿ ಬಂದ 14, ನಿಜವಾದ 14 ಆಗಿರುವ ಸಂಭವ ಕಡಿಮೆ. ಹಾಗಾದರೆ ನಿಜವಾದದ್ದು ಎಷ್ಟು? ಇಷ್ಟು ಮೈಕ್ರಾನಿಗೆ ಇಷ್ಟು ಕೂಡಿಸಿ ಎನ್ನುವ ಕೋಷ್ಟಕಗಳು ಓಡಾಡುತ್ತವೆ, ಒಬ್ಬೊಬ್ಬರ ಕಣ್ಣಿಗೆ ಅವನ್ನು ನಂಬಿ ಲೆಕ್ಕ ಹಾಕಬಾರದು. ‘ಓದಿದ್ದಕ್ಕಿಂತ ಹೆಚ್ಚಿರಬಹುದು’ ಅಷ್ಟೇ ಹೇಳಲು ಸಾಧ್ಯ.

ಇನ್ನೊಂದು. ಆ ಗಾಳಿಯ ಹೊಡೆತ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ. ಕಣ್ಣಿನ ಒತ್ತಡವೋ ನಾಡಿಯ ಬಡಿತದ ಜೊತೆಗೇ ಏರಿಳಿಯುತ್ತಿರುತ್ತದೆ. ಅದಕ್ಕೇ ಒಂದೊಂದು ಕಣ್ಣಿಗೆ ಮೂರು ಸಲವಾದರೂ ಊದಿ ಸರಾಸರಿ ತೆಗೆಯಬೇಕು. ಇವರ ಚೀಟಿಯಲ್ಲಿ ಒಂದೊಂದೇ ಅಂಕಿ. ಒಂದೇ ಸಲ ಊದಿದ್ದಾರೆ ಅಂತ ಇವರೂ ಹೇಳುತ್ತಾರೆ.

ಸರಿಯಾದ ವಿಧಾನ ಗೋಲ್ಡ್‌ಮನ್ ಟೋನೋಮೀಟರ್. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಕಣ್ಣೀರಿಗೆ ಹಳದಿ ಫ್ಲೋರೆಸಿನ್ ಬಣ್ಣ ತಾಕಿಸಿ, ನೀಲಿ ಬೆಳಕಿನಲ್ಲಿ ಚಿಕ್ಕ ಪ್ರಿಸಂ ಒಂದನ್ನು ಕಾರ್ನಿಯಾಕ್ಕೆ ಮೆಲ್ಲಗೆ ಮುಟ್ಟಿಸುತ್ತೇವೆ. ಸ್ಲಿಟ್ ಲ್ಯಾಂಪಿನಲ್ಲಿ ನಮಗೆ ಎರಡು ಹಸಿರು ಅರ್ಧವೃತ್ತಗಳು ಕಾಣುತ್ತವೆ. ಅವುಗಳ ಒಳ ಅಂಚುಗಳು ಒಂದಕ್ಕೊಂದು ತಾಗುವವರೆಗೆ ಗುಂಡಿ ತಿರುಗಿಸಿ, ಗುಂಡಿಯ ಮೇಲಿನ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ ಒತ್ತಡ ಸಿಗುತ್ತದೆ. ಇದರಲ್ಲೂ ಎಡವಟ್ಟು ಆಗುತ್ತದೆ. ಬಣ್ಣ ಹೆಚ್ಚಾಗಿ ಗೆರೆಗಳು ದಪ್ಪವಾದರೆ ಅಂಕಿ ಹೆಚ್ಚು ಬರುತ್ತದೆ, ತೀರಾ ತೆಳುವಾದರೆ ಕಡಿಮೆ ಬರುತ್ತದೆ. ರೋಗಿ ಉಸಿರು ಬಿಗಿಹಿಡಿದರೂ, ರೆಪ್ಪೆ ಎತ್ತುವವರ ಬೆರಳು ಕಣ್ಣುಗುಡ್ಡೆಯನ್ನು ಒತ್ತಿದರೂ ಅಂಕಿ ಮೇಲಕ್ಕೇರುತ್ತದೆ. ಕಾರ್ನಿಯಾ ತೆಳುವಾಗಿದ್ದರೆ ಇದೂ ಕಡಿಮೆಯನ್ನೇ ತೋರಿಸುತ್ತದೆ.

ಸಂಜೆ ನಾಲ್ಕಕ್ಕೆ ಗೋಲ್ಡ್‌ಮನ್‌ನಲ್ಲಿ ಎಡಗಣ್ಣು 15. ಮರುದಿನ ಬೆಳಿಗ್ಗೆ ಏಳಕ್ಕೆ ಬರಹೇಳಿ ನೋಡಿದರೆ ಅದೇ ಕಣ್ಣು 20. ಒತ್ತಡ ದಿನವಿಡೀ ಒಂದೇ ಸಮ ಇರುವುದಿಲ್ಲ. ಬಹಳ ಜನರಲ್ಲಿ ರಾತ್ರಿ ಮಲಗಿದಾಗ, ಬೆಳಗಿನ ಜಾವ ಏರುತ್ತದೆ. ಆರೋಗ್ಯವಂತರಲ್ಲೂ ಮೂರರಿಂದ ಆರು ಮಿಲಿಮೀಟರ್ ಏರಿಳಿತ ಸಹಜ, ಗ್ಲುಕೋಮಾ ಇದ್ದವರಲ್ಲಿ ಹತ್ತು ದಾಟುವುದೂ ಉಂಟು. ಇವರ ನಾಲ್ಕೂ ಚೀಟಿಗಳ ಸಮಯ ನೋಡಿದೆ. ಎಲ್ಲವೂ ಕಾಲೇಜು ಮುಗಿದ ಮೇಲೆ, ಸಂಜೆ ಐದರ ನಂತರದವು.

ಇಷ್ಟು ಹೇಳಿದರೆ ‘ಹಾಗಾದರೆ ಸರಿಯಾಗಿ ಅಳೆದಿದ್ದರೆ ಸಿಕ್ಕಿಬಿಡುತ್ತಿತ್ತು’ ಅಂದುಕೊಳ್ಳುತ್ತೀರಿ. ಅದೂ ತಪ್ಪು, ದೊಡ್ಡ ತಪ್ಪೇ ಅದು. ಅಳತೆ ಪೂರ್ತಿ ಸರಿಯಿದ್ದು ನಿಜವಾಗಿಯೂ 14 ಇದ್ದರೂ ಗ್ಲುಕೋಮಾ ಇರಬಹುದು. ಗ್ಲುಕೋಮಾ ಅಂದರೆ ಪ್ರೆಶರ್ ಅಲ್ಲ. ಕಣ್ಣಿನ ನರ ಒಂದು ನಿರ್ದಿಷ್ಟ ರೀತಿಯಲ್ಲಿ ಸವೆಯುವುದಕ್ಕೆ ಆ ಹೆಸರು. ಒತ್ತಡ ಅದಕ್ಕೆ ಕಾರಣಗಳಲ್ಲಿ ಒಂದು, ಸದ್ಯ ನಾವು ಔಷಧದಿಂದ ತಗ್ಗಿಸಬಹುದಾದ ಕಾರಣ. ಒಬ್ಬರ ನರ 24ನ್ನೂ ವರ್ಷಗಟ್ಟಲೆ ತಡೆಯುತ್ತದೆ, ಇನ್ನೊಬ್ಬರದು 14ಕ್ಕೇ ಸೋಲುತ್ತದೆ.

‘10ರಿಂದ 21 ನಾರ್ಮಲ್’ ಎನ್ನುವ ಗಡಿ ಹುಟ್ಟಿದ್ದಾದರೂ ಹೇಗೆ? ಬಹಳ ಜನರ ಕಣ್ಣಿನ ಒತ್ತಡ ಅಳೆದು, ಹೆಚ್ಚಿನವರು ಯಾವ ಅಂಕಿಗಳ ನಡುವೆ ಬರುತ್ತಾರೆ ಅಂತ ಲೆಕ್ಕ ಹಾಕಿದ್ದು ಅಷ್ಟೇ. ಅದರ ಕೆಳಗಿದ್ದರೆ ನರಕ್ಕೆ ಅಪಾಯವಿಲ್ಲ ಅಂತ ಯಾರೂ ಸಾಧಿಸಿ ತೋರಿಸಿಲ್ಲ, ಬದಲಿಗೆ ಉಲ್ಟಾ ತೋರಿಸಿದ್ದಾರೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಗ್ಲುಕೋಮಾ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನರ ಒತ್ತಡ ಮೊದಲ ಅಳತೆಯಲ್ಲಿ ಈ ಗಡಿಯೊಳಗೇ ಇತ್ತು. ಜಪಾನಿನ ತಾಜಿಮಿ ಊರಿನ ಅಧ್ಯಯನದಲ್ಲಂತೂ ತೆರೆದ ಕೋನದ ಗ್ಲುಕೋಮಾ, ಅಂದರೆ ಕಣ್ಣಿನೊಳಗಿನ ದ್ರವ ಹೊರಹೋಗುವ ಮೂಲೆ ತೆರೆದೇ ಇರುವ ಬಗೆ, ಇದ್ದವರಲ್ಲಿ ಶೇ 92 ಮಂದಿಯ ಒತ್ತಡ 21 ಅಥವಾ ಅದಕ್ಕಿಂತ ಕಡಿಮೆ. ಪ್ರೆಶರ್ ಚೀಟಿ ನೋಡಿ ಅವರನ್ನೆಲ್ಲ ಮನೆಗೆ ಕಳಿಸಿದ್ದರೆ?

ಇವರ ಪಾಪೆ ಹಿಗ್ಗಿಸುವ ಮೊದಲು ಗೋನಿಯೋಸ್ಕೋಪಿ ಎನ್ನುವ ಪರೀಕ್ಷೆ ಮಾಡಿ ಕಣ್ಣಿನ ಆ ಕೋನ ತೆರೆದಿದೆಯೆಂದು ಖಚಿತಪಡಿಸಿಕೊಂಡೆವು. ಕೋನ ಕಿರಿದಾಗಿದ್ದವರಿಗೆ ಸುಮ್ಮನೆ ಹಿಗ್ಗಿಸಿದರೆ ಒತ್ತಡ ಥಟ್ಟನೆ ಏರುವ ಅಪಾಯವಿದೆ. ಆಮೇಲೆ ಒಳಗೆ ನೋಡಿದರೆ, ನೋಡಿದ ಕೂಡಲೇ ಗೊತ್ತಾಗುವಂತಿತ್ತು. ನರದ ತಲೆಯ ನಡುವೆ ಒಂದು ಗುಳಿ ಎಲ್ಲರಿಗೂ ಇರುತ್ತದೆ. ಬಲಗಣ್ಣಿನಲ್ಲಿ ಅದು ನರದ ಅಗಲದ 0.6, ಎಡಗಣ್ಣಿನಲ್ಲಿ 0.85. ಎರಡರ ನಡುವೆ 0.2ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೇ ಅನುಮಾನಿಸಬೇಕು. ಸಾಲದ್ದಕ್ಕೆ ಎಡಗಣ್ಣಿನ ನರದ ಕೆಳ ಅಂಚು ಕಚ್ಚಿ ತೆಗೆದಂತೆ ಸವೆದಿತ್ತು. ಕೆಳಗಿನ ನರದ ಎಳೆಗಳು ಹೋದರೆ ಮೇಲಿನ ನೋಟ ಹೋಗುತ್ತದೆ. ನೋಟದ ವ್ಯಾಪ್ತಿ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿದೆವು, ಎಡಗಣ್ಣಿನ ಮೇಲರ್ಧದಲ್ಲಿ ಬಿಲ್ಲಿನಾಕಾರದ ಕುರುಡು ಜಾಗ, ನೋಟದ ನಡುಭಾಗಕ್ಕೆ ಹತ್ತಿಕೊಂಡೇ ಇದೆ. ಕಾಣದ ಆ ಮೇಲಿನ ಸಾಲು ಇಲ್ಲಿತ್ತು. ಇಂಥದ್ದು ಒಂದು ವರ್ಷದಲ್ಲಿ ಆಗುವಂಥದ್ದಲ್ಲ. ಆ ನಾಲ್ಕು ಭೇಟಿಗಳಲ್ಲಿ ಒಂದು ಸಲ, ಒಂದೇ ಒಂದು ಸಲ, ಯಾರಾದರೂ ನರವನ್ನು ನೋಡಿದ್ದರೆ!

ಅವರು ಫೈಲು ಹಿಡಿದು ಅಂಗಡಿಗೆ ಹೋದರು. ಉತ್ತರಗಳನ್ನು ಅವರು ಹೇಳಿದ ಹಾಗೇ ಹಾಕುತ್ತೇನೆ.

‘ಸಾರ್, ನಮ್ಮ ಮಷಿನ್ ಕರೆಕ್ಟಾಗಿದೆ, ಈಗಲೂ ನೋಡಿ’ ಅಂತ ಕೂರಿಸಿ ಮತ್ತೊಂದು ಸಲ ಊದಿದರಂತೆ. ‘ನೋಡಿ, 14.’

‘ಕಂಪ್ಲೀಟ್ ಚೆಕಪ್ ಅಂದಿರಲ್ಲ, ನರ ಯಾಕೆ ನೋಡಲಿಲ್ಲ?’

‘ಡ್ರಾಪ್ಸ್ ಹಾಕಿದರೆ ಕಸ್ಟಮರ್‌ಗೆ ನಾಲ್ಕೈದು ಗಂಟೆ ಮಂಜು ಸಾರ್, ಗಾಡಿ ಓಡಿಸೋಕಾಗಲ್ಲ ಅಂತ ಜಗಳ ಮಾಡ್ತಾರೆ. ನಮ್ಮದು ಸ್ಕ್ರೀನಿಂಗ್ ಮಾತ್ರ.’

‘ಮತ್ತೆ ಗ್ಲುಕೋಮಾ ಇಲ್ಲ ಅಂತ ಬರೆದಿರಲ್ಲ?’

‘ಲಾಸಿಕ್ ಆಗಿದೆ ಅಂತ ನೀವು ಹೇಳಬೇಕಿತ್ತು ಸಾರ್.’

ಮೇಷ್ಟ್ರು ಫೈಲು ತಿರುಗಿಸಿ ಮೊದಲ ಚೀಟಿ ತೋರಿಸಿದರು. ಅದರ ಮೂಲೆಯಲ್ಲಿ, ಅಂಗಡಿಯವರದೇ ಕೈಬರಹದಲ್ಲಿ, ‘ಲಾಸಿಕ್ ಆಗಿದೆ, ತಾಯಿಗೆ ಗ್ಲುಕೋಮಾ’ ಅಂತ ಬರೆದಿದೆ. ಹುಡುಗ ಓದಿ, ‘ಮ್ಯಾನೇಜರ್ ಹತ್ರ ಮಾತಾಡಿ’ ಅಂದ. ನನಗೆ ಹೊಟ್ಟೆ ಉರಿದದ್ದು ಇಲ್ಲಿ. ಕೇಳಿದ್ದಾರೆ, ಬರೆದುಕೊಂಡಿದ್ದಾರೆ, ಆಮೇಲೂ ಗಾಳಿ ಊದಿ ಕಳಿಸಿದ್ದಾರೆ.

ಈಗ ಅವರಿಗೆ ರಾತ್ರಿ ಒಂದು ಹನಿ ಔಷಧ ನಡೆಯುತ್ತಿದೆ. ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬೇಕು. ಒತ್ತಡ ‘ನಾರ್ಮಲ್’ ಇದ್ದರೂ ಇನ್ನೂ ತಗ್ಗಿಸಿದರೆ ಲಾಭವಿದೆ. 1998ರಲ್ಲಿ ಬಂದ ಪ್ರಯೋಗವೊಂದರಲ್ಲಿ ಇಂಥ ಕಣ್ಣುಗಳ ಒತ್ತಡವನ್ನು ಶೇ 30 ತಗ್ಗಿಸಿದಾಗ ಶೇ 12ರಷ್ಟು ಕಣ್ಣುಗಳಲ್ಲಿ ಮಾತ್ರ ಕಾಯಿಲೆ ಮುಂದುವರಿಯಿತು, ಚಿಕಿತ್ಸೆ ಇಲ್ಲದವುಗಳಲ್ಲಿ ಶೇ 35. ಇವರದನ್ನು ಒತ್ತಡ ಹೆಚ್ಚಿಲ್ಲದೆಯೇ ಬರುವ ‘ನಾರ್ಮಲ್ ಟೆನ್ಷನ್ ಗ್ಲುಕೋಮಾ’ ಅನ್ನಬೇಕೋ, ತೆಳು ಕಾರ್ನಿಯಾ ಮರೆಮಾಚಿದ ಸಾಮಾನ್ಯ ಗ್ಲುಕೋಮಾ ಅನ್ನಬೇಕೋ, ಲಾಸಿಕ್‌ಗೆ ಮುಂಚಿನ ಅಳತೆಗಳು ಇಲ್ಲದೆ ಹೇಳುವುದು ಕಷ್ಟ. ಹೆಸರು ಏನೇ ಇರಲಿ, ಔಷಧ ಅದೇ.

ನಿಮಗೆ ನಲವತ್ತು ದಾಟಿದ್ದರೆ, ಅಪ್ಪ ಅಮ್ಮ ಅಣ್ಣ ತಮ್ಮ ಅಕ್ಕ ತಂಗಿ ಯಾರಿಗಾದರೂ ಈ ಕಾಯಿಲೆ ಇದ್ದರೆ, ಹೆಚ್ಚು ಮೈನಸ್ ಪವರ್ ಇದ್ದರೆ, ಲಾಸಿಕ್ ಆಗಿದ್ದರೆ, ಸ್ಟೀರಾಯ್ಡ್ ಹನಿ ಬಹಳ ದಿನ ಹಾಕಿದ್ದರೆ, ಚೀಟಿಯಲ್ಲಿ ಪ್ರೆಶರ್ ಎಷ್ಟೇ ಬರೆದಿರಲಿ, ಕಣ್ಣಿನ ಡಾಕ್ಟರ ಹತ್ತಿರವೇ ಹೋಗಿ ‘ನರ ನೋಡಿ’ ಅಂತ ಬಾಯಿಬಿಟ್ಟು ಕೇಳಿ. ಕಾರ್ನಿಯಾ ದಪ್ಪ ಎಷ್ಟು, ಒತ್ತಡ ಎಷ್ಟು ಹೊತ್ತಿಗೆ ಅಳೆದದ್ದು ಅನ್ನುವುದನ್ನೂ ಬರೆಸಿಕೊಳ್ಳಿ. ಗಾಡಿ ಓಡಿಸಲು ಮನೆಯವರನ್ನು ಕರೆದುಕೊಂಡು ಹೋಗಿ. ನಾಲ್ಕೈದು ಗಂಟೆ ಮಂಜಾದರೆ ಆಗಲಿ.

ಮೇಷ್ಟ್ರ ತಂಗಿಯೂ ಅದೇ ಅಂಗಡಿಯ ಗಿರಾಕಿ, ಅವರ ಚೀಟಿಯಲ್ಲಿ 13 ಅಂತಿದೆ. ಬರುವ ಮಂಗಳವಾರ ಅವರ ಪಾಪೆ ಹಿಗ್ಗಿಸಿ ನೋಡುವವರಿದ್ದೇವೆ.