ಮುಖದ ಜಿಡ್ಡಿಗೆ ಕ್ರೀಮೋ, ಕಾಗದವೋ, ಪ್ರೈಮರೋ?

ಡೊಂಬಿವಲಿಯಿಂದ ದಾದರ್ ದಾಟಿ ಅಂಧೇರಿ ಆಫೀಸು ಸೇರುವಷ್ಟರಲ್ಲಿ ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಮೂರರಲ್ಲಿ ಯಾವುದು ಕೊಳ್ಳಲಿ ಎಂದು ತಂಗಿಯೊಬ್ಬಳು ಕೇಳಿದ್ದಾಳೆ.

ತಕ್ಷಣದ ಪರಿಹಾರ ಬೇಕಾದರೆ ಬ್ಲಾಟಿಂಗ್ ಪೇಪರ್. ಹಣೆ, ಮೂಗಿನ ಪಕ್ಕ ಒತ್ತಿ ಹಿಡಿದು ತೆಗೆಯಬೇಕು, ಉಜ್ಜಬಾರದು. ಹಾಳೆಯ ಮೇಲೆ ಪಾರದರ್ಶಕ ಕಲೆ ಮೂಡಿದರೆ ಅದು ಎಣ್ಣೆ. ಬರೀ ಒದ್ದೆಯಾಗಿ, ಒಣಗಿದ ಮೇಲೆ ಕಲೆ ಮಾಯವಾದರೆ ಬೆವರು. ಮುಂಬೈ ಸೆಕೆಯಲ್ಲಿ ಅರ್ಧ ಹೊಳಪು ಬೆವರಿನದೇ, ಅದಕ್ಕೆ ಕರವಸ್ತ್ರ ಸಾಕು. ಕಾಗದ ಮೇಲಿನ ಎಣ್ಣೆ ಹೀರುತ್ತದೆ, ಒಳಗಿನ ಗ್ರಂಥಿಗೆ ಏನೂ ಮಾಡುವುದಿಲ್ಲ. ಜಿಡ್ಡು ಮತ್ತೆ ಬರುತ್ತದೆ.

ಮೇಕಪ್ಪಿಗೆ ಮೊದಲು ಹಚ್ಚುವ ಮ್ಯಾಟ್ ಪ್ರೈಮರಿನಲ್ಲಿರುವ ಸಿಲಿಕಾ ಪುಡಿ ಎಣ್ಣೆ ಹೀರಿ, ಬೆಳಕನ್ನೂ ಚದುರಿಸುತ್ತದೆ. ಮದುವೆ, ಫೋಟೋ, ಇಂಟರ್‌ವ್ಯೂ ದಿನಕ್ಕೆ ಇದು ಸರಿ. ಆದರೆ ಪುಡಿಯಲ್ಲಿ ಎಣ್ಣೆ ತುಂಬಿಕೊಂಡ ಮೇಲೆ ಹೊಳಪು ವಾಪಸ್. ಜಿಡ್ಡು ಒರೆಸದೆ ಅದರ ಮೇಲೇ ಪೌಡರ್ ಬಳಿದರೆ ಮೂಗಿನ ಪಕ್ಕ ಗಂಟುಗಂಟಾಗಿ ನಿಲ್ಲುತ್ತದೆ.

ದಿನನಿತ್ಯಕ್ಕೆ ನನ್ನ ಒಲವು ಮಾಯಿಶ್ಚರೈಸರ್ ಕ್ರೀಮಿನ ಕಡೆ. ಲೇಬಲ್‌ನಲ್ಲಿ 'ಆಯಿಲ್ ಕಂಟ್ರೋಲ್' ಎಂದಿದ್ದರೆ ಸಾಲದು, ವಿಟಮಿನ್ ಬಿ3ಯ ಒಂದು ರೂಪವಾದ ನಯಾಸಿನಮೈಡ್ ಇದೆಯೇ ನೋಡಿ. 2% ಇದ್ದರೂ ಕೆಲವು ವಾರಗಳಲ್ಲಿ ಎಣ್ಣೆ ತುಸು ಇಳಿಯಬಹುದು, ಪೂರ್ತಿ ನಿಲ್ಲುವುದಿಲ್ಲ. ಖರ್ಚು ಒಮ್ಮೆಗೆ ಹೆಚ್ಚು, ಆದರೆ ಡಬ್ಬಿ ತಿಂಗಳುಗಟ್ಟಲೆ ಬರುತ್ತದೆ. ಲೋಕಲ್ ಪ್ರಯಾಣ ಉದ್ದವಿದ್ದರೆ ಜೊತೆಗೆ ಕಾಗದದ ಪ್ಯಾಕೆಟ್ಟೂ ಬ್ಯಾಗಿನಲ್ಲಿರಲಿ. ಜಿಡ್ಡಿನ ಜೊತೆ ಗಂಟು ಮೊಡವೆಯೂ ಇದ್ದರೆ ಈ ಮೂರನ್ನೂ ಬಿಟ್ಟು ಮೊದಲು ಚರ್ಮದ ಡಾಕ್ಟರನ್ನು ಕಾಣಿ.